ಐದು ಕೈ ದಾಟುವ ಪಯಣ: ದೊಡ್ಡಮ್ಮನನ್ನು ಒಬ್ಬರನ್ನೇ ಜರ್ಮನಿಗೆ ಕಳುಹಿಸಿದ ಬಗೆ

ನಮ್ಮ ದೊಡ್ಡಮ್ಮನಿಗೆ 71 ವರ್ಷ. ತೀರ್ಥಹಳ್ಳಿಯ ಹತ್ತಿರ ತೋಟದ ಮನೆ. ಬೆಂಗಳೂರಿಗೆ ಹೋಗಿದ್ದೇ ನಾಲ್ಕೈದು ಬಾರಿ, ಅದೂ ಯಾರದಾದರೂ ಜೊತೆಯಲ್ಲಿ. ಜರ್ಮನಿಯಲ್ಲಿರುವ ಮಗಳಿಗೆ, ಎಂದರೆ ನನ್ನ ಅಕ್ಕನಿಗೆ, ಡಿಸೆಂಬರಿನಲ್ಲಿ ಹೆರಿಗೆಯೆಂದು ಗೊತ್ತಾದಾಗ ಬಾಣಂತನಕ್ಕೆ ಯಾರು ಹೋಗಬೇಕೆಂಬ ಪ್ರಶ್ನೆಯೇ ಏಳಲಿಲ್ಲ. ಎದ್ದ ಪ್ರಶ್ನೆ ಒಂದೇ: ಒಬ್ಬರೇ ಹೇಗೆ ಹೋಗುತ್ತಾರೆ? ಕೊನೆಕೊಯ್ಲಿನ ಸಮಯವಾದ್ದರಿಂದ ದೊಡ್ಡಪ್ಪ ತೋಟ ಬಿಟ್ಟು ಬರುವಂತಿರಲಿಲ್ಲ. ನನಗೆ ವೀಸಾ ಇರಲಿಲ್ಲ.

ಮೂರು ತಿಂಗಳ ತಯಾರಿಯಲ್ಲಿ ನಾನು ಕಂಡುಕೊಂಡದ್ದು ಇಷ್ಟು. ಮೊದಲ ಬಾರಿ ಒಬ್ಬರೇ ಹೊರಟ ಹಿರಿಯರಿಗೆ ವಿಮಾನದೊಳಗೆ ಕುಳಿತಿರುವ ಹತ್ತು ಗಂಟೆ ಕಷ್ಟವಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಕೆಲವು ನಿಮಿಷಗಳು ಕಷ್ಟ. ನಮ್ಮ ಲೆಕ್ಕದಲ್ಲಿ ಅಂಥ ದಾಟುವಿಕೆ ಐದು: ಮನೆಯಿಂದ ವಿಮಾನ ನಿಲ್ದಾಣದ ಬಾಗಿಲಿಗೆ, ಬಾಗಿಲಿನಲ್ಲಿ ನಮ್ಮಿಂದ ಗಾಲಿಕುರ್ಚಿ ತಳ್ಳುವವರಿಗೆ, ಅವರಿಂದ ವಿಮಾನದ ಸಿಬ್ಬಂದಿಗೆ, ಸಿಬ್ಬಂದಿಯಿಂದ ಫ್ರಾಂಕ್‌ಫರ್ಟಿನ ಸಹಾಯಕರಿಗೆ, ಅವರಿಂದ ಮಗಳಿಗೆ. ಈ ಐದನ್ನೂ ಒಂದೊಂದಾಗಿ ಮೊದಲೇ ಕಟ್ಟಿಕೊಂಡರೆ ನಡುವಿನದೆಲ್ಲ ತಾನಾಗಿ ಸಾಗುತ್ತದೆ. ನಾವು ಮಾಡಿದ ಕ್ರಮವನ್ನೇ ಇಲ್ಲಿ ಬರೆಯುತ್ತೇನೆ. ನಿಮ್ಮ ತಾಯಿ ಬೇರೆ ದೇಶಕ್ಕೆ ಹೊರಟಿದ್ದರೆ ಆ ದೇಶದ ನಿಯಮಗಳು ಬೇರೆಯಾಗಿರುತ್ತವೆ, ಕ್ರಮ ಮಾತ್ರ ಬಹುಪಾಲು ಇದೇ.

ಹೆಜ್ಜೆ 1: ಟಿಕೆಟ್ ಕೊಳ್ಳುವಾಗ ನೋಡಬೇಕಾದದ್ದು

ನಡುವೆ ವಿಮಾನ ಬದಲಿಸುವ ಟಿಕೆಟ್ ಅಗ್ಗವಾಗಿ ಸಿಗುತ್ತದೆ. ಬೇಡ. ಒಂದು ಬದಲಾವಣೆ ಎಂದರೆ ಇನ್ನೆರಡು ಕೈ ಹೆಚ್ಚು, ಅದೂ ಯಾರೂ ನಮ್ಮವರಿಲ್ಲದ ಮೂರನೆಯ ಊರಿನಲ್ಲಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ನೇರ ವಿಮಾನವಿದೆ, ಹತ್ತು ಗಂಟೆಯ ಹಾದಿ. ಹೆಚ್ಚು ಹಣ ಕೊಟ್ಟಾದರೂ ಅದನ್ನೇ ಆರಿಸಿಕೊಂಡೆವು. ಖರ್ಚು ಉಳಿಸಲು ಬೇರೆ ಜಾಗಗಳಿವೆ.

ಎರಡನೆಯದು ತಾರೀಕು. ಯುರೋಪಿಗೆ ಹೋಗುವ ಅನೇಕ ವಿಮಾನಗಳು ಬೆಂಗಳೂರಿನಿಂದ ನಡುರಾತ್ರಿಯ ನಂತರ ಹೊರಡುತ್ತವೆ. ನಮ್ಮ ಟಿಕೆಟಿನಲ್ಲಿ ನವೆಂಬರ್ 20, ಗುರುವಾರ, ನಸುಕಿನ ಮೂರು ಗಂಟೆಯ ಸುಮಾರು ಎಂದಿತ್ತು. ಮನೆಯವರೆಲ್ಲ ಗುರುವಾರದ ಪಯಣ ಎಂದು ಮಾತನಾಡಿಕೊಳ್ಳುತ್ತಿದ್ದರು. ದೊಡ್ಡಪ್ಪ ಗುರುವಾರ ಬೆಳಿಗ್ಗೆಗೆ ಕಾರು ಹೇಳಿಯೂ ಬಿಟ್ಟಿದ್ದರು. ಆ ಹೊತ್ತಿಗೆ ವಿಮಾನ ಕಡಲು ದಾಟಿರುತ್ತಿತ್ತು. ಮೂರು ಗಂಟೆಯ ವಿಮಾನಕ್ಕೆ ಹಿಂದಿನ ರಾತ್ರಿ ಹನ್ನೊಂದೂವರೆಗೆಲ್ಲ ನಿಲ್ದಾಣದ ಬಾಗಿಲಿನಲ್ಲಿರಬೇಕು. ಆದ್ದರಿಂದ ಕ್ಯಾಲೆಂಡರಿನಲ್ಲಿ 20ಕ್ಕೆ ಗುರುತು ಹಾಕಲಿಲ್ಲ. 19, ಬುಧವಾರಕ್ಕೆ ಕೆಂಪು ವೃತ್ತ ಹಾಕಿ ಅದರ ಕೆಳಗೆ 'ಮನೆಯಿಂದ ಹೊರಡುವುದು, ಬೆಳಿಗ್ಗೆ 11' ಎಂದು ಬರೆದೆ. ನೀವೂ ವಿಮಾನದ ಸಮಯವನ್ನು ಬರೆಯಬೇಡಿ, ಮನೆ ಬಿಡುವ ಸಮಯವನ್ನು ಬರೆಯಿರಿ.

ಮೂರನೆಯದು ಹೆಸರು. ಮಲೆನಾಡಿನ ಹಳೆಯ ತಲೆಮಾರಿನ ಹೆಂಗಸರಿಗೆ ಇರುವುದು ಒಂದೇ ಹೆಸರು. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಸಾಲು ಖಾಲಿ. ಟಿಕೆಟಿನ ನಮೂನೆ ಮಾತ್ರ ಎರಡು ಹೆಸರು ಕೇಳುತ್ತದೆ. ಅಲ್ಲಿ ಗಂಡನ ಹೆಸರನ್ನೋ ಊರಿನ ಹೆಸರನ್ನೋ ಸೇರಿಸಿದರೆ ಟಿಕೆಟ್ ಒಂದು ಹೆಸರಿನಲ್ಲಿ, ಪಾಸ್‌ಪೋರ್ಟ್ ಇನ್ನೊಂದು ಹೆಸರಿನಲ್ಲಿ ಆಗುತ್ತದೆ, ನಿಲ್ದಾಣದ ಬಾಗಿಲಿನಲ್ಲೇ ತಡೆಯುತ್ತಾರೆ. ಆ ಖಾಲಿ ಜಾಗವನ್ನು ಹೇಗೆ ತುಂಬಬೇಕೆಂದು ವಿಮಾನ ಸಂಸ್ಥೆಗೇ ಕರೆ ಮಾಡಿ ಕೇಳಿ, ಅವರು ಹೇಳಿದಂತೆಯೇ ತುಂಬಿ. ದೊಡ್ಡಮ್ಮನ ಟಿಕೆಟಿನಲ್ಲಿ ಇದ್ದ ಒಂದೇ ಹೆಸರನ್ನು ಎರಡೂ ಕಡೆ ಹಾಕಿಸಿದರು. ಒಂಟಿ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ಪ್ರವಾಸಿ ವೀಸಾ ಕೊಡುವುದಿಲ್ಲವೆಂದು ಯುಎಇ 2022ರ ನವೆಂಬರಿನಲ್ಲಿ ನಿಯಮ ತಂದಿತು. ದುಬೈಗೆ ತಾಯಿಯನ್ನು ಕರೆಸಿಕೊಳ್ಳುವವರು ಪಾಸ್‌ಪೋರ್ಟ್ ಮಾಡಿಸುವಾಗಲೇ ಇದನ್ನು ನೋಡಿಕೊಳ್ಳಬೇಕು.

ವೀಸಾ ವಿಷಯದಲ್ಲಿ ಒಂದನ್ನೇ ಹೇಳುತ್ತೇನೆ, ಏಕೆಂದರೆ ಎಡವುವುದು ಅಲ್ಲೇ. ಜರ್ಮನಿಗೆ ಸಿಗುವುದು ಷೆಂಗೆನ್ ಭೇಟಿ ವೀಸಾ, ಎಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾ. ಅದರಲ್ಲಿ ಎರಡು ಲೆಕ್ಕಗಳಿರುತ್ತವೆ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಚಾಲ್ತಿ ಎಂಬುದು ಒಂದು, ಅದರೊಳಗೆ ಎಷ್ಟು ದಿನ ಇರಬಹುದು ಎಂಬುದು ಇನ್ನೊಂದು. ಯಾವುದೇ 180 ದಿನಗಳಲ್ಲಿ 90 ದಿನವೇ ಗರಿಷ್ಠ. ಇಳಿದ ದಿನವೂ ಹೊರಡುವ ದಿನವೂ ಲೆಕ್ಕಕ್ಕೆ ಸೇರುತ್ತವೆ. ನವೆಂಬರ್ 20ಕ್ಕೆ ಇಳಿದರೆ ಆ ತಿಂಗಳಲ್ಲಿ 11 ದಿನ, ಡಿಸೆಂಬರ್ 31, ಜನವರಿ 31, ಒಟ್ಟು 73. ಉಳಿದದ್ದು 17. ಆದ್ದರಿಂದ ಫೆಬ್ರವರಿ 17 ಕಡೆಯ ದಿನ. ಮೂರು ತಿಂಗಳೆಂದು ಎಣಿಸಿ 20ಕ್ಕೆ ಮರಳುವ ಟಿಕೆಟ್ ಮಾಡಿದ್ದರೆ ಮೂರು ದಿನ ಹೆಚ್ಚಾಗುತ್ತಿತ್ತು. ನಾವು 14ಕ್ಕೆ ಮಾಡಿಸಿದೆವು. ಚಳಿಗಾಲ, ಹಿಮ ಬಿದ್ದು ವಿಮಾನ ನಿಂತರೂ ಕೈಯಲ್ಲಿ ಮೂರು ದಿನ ಇರಲಿ ಎಂದು.

ಹೆಜ್ಜೆ 2: ಗಾಲಿಕುರ್ಚಿ ಕೇಳುವುದು

"ನನಗೇನು ಕಾಲು ಬಿದ್ದುಹೋಗಿದೆಯೇನೋ?" ಎಂದು ದೊಡ್ಡಮ್ಮ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ದಿನಕ್ಕೆ ಎರಡು ಸಲ ತೋಟದ ಧರೆ ಹತ್ತಿ ಇಳಿಯುವ ಹೆಂಗಸು ಅವರು. ಗಾಲಿಕುರ್ಚಿಯಲ್ಲಿ ಕುಳಿತರೆ ಕಾಯಿಲೆಯವಳೆಂದು ಎಲ್ಲರೂ ನೋಡುತ್ತಾರೆಂಬ ಸಂಕೋಚವೂ ಇತ್ತು.

ನಾನು ಹೇಳಿದ್ದು ಇಷ್ಟೇ: ಕುರ್ಚಿ ಕಾಲಿಗಲ್ಲ, ಅದನ್ನು ತಳ್ಳುವವನಿಗೆ ದಾರಿ ಗೊತ್ತಿದೆ, ನಮಗೆ ಬೇಕಾದದ್ದು ಅವನು. ಚೆಕ್ ಇನ್ ಕೌಂಟರ್, ವಲಸೆ ಅಧಿಕಾರಿಯ ಕಿಟಕಿ, ಭದ್ರತಾ ತಪಾಸಣೆ, ವಿಮಾನದ ಗೇಟು, ಈ ನಾಲ್ಕನ್ನೂ ಫಲಕ ಓದಿ ಹುಡುಕುವ ಕೆಲಸ ಅದರಿಂದ ತಪ್ಪುತ್ತದೆ. ಫ್ರಾಂಕ್‌ಫರ್ಟಿನಂಥ ನಿಲ್ದಾಣದಲ್ಲಿ ಗೇಟಿನಿಂದ ಹೊರಬಾಗಿಲಿಗೆ ಬಲು ದೂರ. ಹತ್ತು ಗಂಟೆ ಕುಳಿತು ಕಾಲು ಊದಿಕೊಂಡವರಿಗೆ ಧರೆ ಹತ್ತುವ ಅಭ್ಯಾಸ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕೇಳುವಾಗ ಸರಿಯಾದ ಸಂಕೇತ ಕೇಳಬೇಕು. WCHR ಎಂದರೆ ಮೆಟ್ಟಿಲು ಹತ್ತಬಲ್ಲರು, ವಿಮಾನದೊಳಗೆ ನಡೆಯಬಲ್ಲರು, ದೂರಕ್ಕೆ ಮಾತ್ರ ಕುರ್ಚಿ ಬೇಕು. WCHS ಎಂದರೆ ಮೆಟ್ಟಿಲು ಹತ್ತಲಾರರು. WCHC ಎಂದರೆ ಆಸನದವರೆಗೂ ಎತ್ತಿಕೊಂಡೇ ಹೋಗಬೇಕು. ನಡೆಯಬಲ್ಲ ತಾಯಂದಿರಿಗೆ ಮೊದಲನೆಯದು ಸಾಕು. ನಿಜವಾಗಿ ಏಳಲಾರದವರ ಸಹಾಯವನ್ನು ನಾವು ಕಸಿಯಬಾರದು. ಕುರ್ಚಿಯಿಲ್ಲದೆ ಜೊತೆಗಾರರನ್ನಷ್ಟೇ ಕೊಡುವ MAAS ಎಂಬ ಸಂಕೇತವೂ ಇದೆ. ಆದರೆ ಕುರ್ಚಿಯಲ್ಲಿ ಕುಳಿತವರು ಎದ್ದು ಕಾಣುತ್ತಾರೆ, ಗುಂಪಿನಲ್ಲಿ ಕಳೆದುಹೋಗುವುದಿಲ್ಲ. ಅದಕ್ಕೇ ನಾನು ಕುರ್ಚಿಯನ್ನೇ ಆರಿಸಿದೆ.

ಪ್ರಯಾಣಕ್ಕೆ ಕಡಿಮೆಯೆಂದರೆ 48 ಗಂಟೆ ಮೊದಲು ವಿಮಾನ ಸಂಸ್ಥೆಗೆ ತಿಳಿಸಬೇಕು. ಟಿಕೆಟ್ ಮಾಡುವಾಗಲೇ ತಿಳಿಸುವುದು ಒಳ್ಳೆಯದು. ತಿಳಿಸಿದ ಮೇಲೆ ಆ ಸಂಕೇತ ಟಿಕೆಟಿನ ಪ್ರತಿಯಲ್ಲಿ ಅಚ್ಚಾಗಿದೆಯೇ ನೋಡಿ. ಫೋನಿನಲ್ಲಿ ಆಯಿತು ಎಂದದ್ದು ಆದದ್ದಲ್ಲ. ಹೋಗುವ ಟಿಕೆಟಿಗೆ ಹಾಕಿ ಬರುವ ಟಿಕೆಟಿಗೆ ಮರೆತುಬಿಡುವುದೂ ಸಾಮಾನ್ಯ, ಆದ್ದರಿಂದ ಎರಡನ್ನೂ ಬೇರೆ ಬೇರೆ ನೋಡಬೇಕು. ಅದೇ ಕರೆಯಲ್ಲಿ ಊಟವನ್ನೂ ಹೇಳಿಬಿಡಿ. AVML ಎಂದರೆ ನಮ್ಮ ಕಡೆಯ ಮಸಾಲೆಯ ಸಸ್ಯಾಹಾರ, ಈರುಳ್ಳಿ ಬೆಳ್ಳುಳ್ಳಿ ಇರಬಹುದು. ಅವನ್ನು ತಿನ್ನದವರಿಗೆ VJML, ಅದು ಜೈನರ ಊಟ. ಆಸನ ನಡುದಾರಿಯ ಪಕ್ಕದ್ದಿರಲಿ. ಕಿಟಕಿಯ ಆಸೆಗೆ ಒಳಗೆ ಕುಳಿತರೆ ಪಕ್ಕದವರನ್ನು ಎಬ್ಬಿಸಲು ಸಂಕೋಚಪಟ್ಟು ಹತ್ತು ಗಂಟೆ ಏಳುವುದೇ ಇಲ್ಲ.

ಹೆಜ್ಜೆ 3: ಸಂಚಿ

ದೊಡ್ಡಮ್ಮನ ಎಲೆಅಡಿಕೆ ಸಂಚಿಯಲ್ಲಿ ನಾಲ್ಕು ಪದರಗಳಿವೆ. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಚಿಲ್ಲರೆಗೊಂದು. ಕತ್ತಲಲ್ಲೂ ಅವರ ಕೈ ಸರಿಯಾದ ಪದರಕ್ಕೇ ಹೋಗುತ್ತದೆ. ಅದನ್ನು ನೋಡಿಯೇ ಕಾಗದಪತ್ರಗಳಿಗೂ ಅಂಥದ್ದೇ ಸಂಚಿ ಹೊಲಿಸಿದೆವು. ಪಾಸ್‌ಪೋರ್ಟಿಗಿಂತ ಎರಡು ಬೆರಳು ಅಗಲ, ಕೊರಳಿಗೆ ಹಾಕಿಕೊಳ್ಳುವ ದಾರ, ಸೆರಗಿನ ಒಳಗೆ ನಿಲ್ಲುವ ಉದ್ದ.

ಮೊದಲ ಪದರದಲ್ಲಿ ಪಾಸ್‌ಪೋರ್ಟ್ ಮತ್ತು ಬೋರ್ಡಿಂಗ್ ಪಾಸ್ ಮಾತ್ರ. ಎರಡನೆಯದರಲ್ಲಿ ಜರ್ಮನಿಯ ಅಧಿಕಾರಿ ಕೇಳಬಹುದಾದದ್ದು: ಮರಳುವ ಟಿಕೆಟಿನ ಮುದ್ರಿತ ಪ್ರತಿ, ವಿಮೆಯ ಕಾಗದ, ಮಗಳ ವಿಳಾಸವಿರುವ ಆಹ್ವಾನ ಪತ್ರ, ಅಳಿಯ ಖರ್ಚಿನ ಹೊಣೆ ಹೊತ್ತ ಅಧಿಕೃತ ಪತ್ರ. ಷೆಂಗೆನ್ ವೀಸಾಕ್ಕೆ ಕಡಿಮೆಯೆಂದರೆ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ, ಅದರ ಪ್ರತಿಯೇ ಅದು. ಮೂರನೆಯದರಲ್ಲಿ ಎರಡು ದಿನದ ಮಾತ್ರೆ, ವೈದ್ಯರ ಚೀಟಿ, ನೂರು ಯೂರೋ. ಮಾತ್ರೆಗಳ ದೊಡ್ಡ ಕಟ್ಟು ಕೈಚೀಲದಲ್ಲಿರುತ್ತದೆ, ಕೆಳಗೆ ಹಾಕುವ ಪೆಟ್ಟಿಗೆಯಲ್ಲಿ ಎಂದೂ ಬೇಡ. ನಾಲ್ಕನೆಯದರಲ್ಲಿ ಕಾರ್ಡುಗಳು.

ಕಾರ್ಡುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ನಮಗೆ ಹೆಚ್ಚು ಉಪಕಾರವಾದದ್ದು ಅವೇ. ದಪ್ಪ ಕಾಗದದ ಅಂಗೈಯಗಲದ ಐದು ಚೂರುಗಳು, ಐದು ಬಣ್ಣ. ಒಂದು ಬದಿಯಲ್ಲಿ ಕನ್ನಡದಲ್ಲಿ ದಪ್ಪ ಅಕ್ಷರ, ಇನ್ನೊಂದು ಬದಿಯಲ್ಲಿ ಅದೇ ಮಾತು ಇಂಗ್ಲಿಷಿನಲ್ಲಿ ಮತ್ತು ಜರ್ಮನ್‌ನಲ್ಲಿ. ಹಳದಿಯದು, 'ನನಗೆ ಕನ್ನಡ ಮಾತ್ರ ಬರುತ್ತದೆ. ನಾನು ಒಬ್ಬಳೇ ಪ್ರಯಾಣಿಸುತ್ತಿದ್ದೇನೆ. ನನಗೆ ಗಾಲಿಕುರ್ಚಿ ಹೇಳಿದ್ದಾರೆ.' ಹಸಿರು, 'ಶೌಚಾಲಯ ಎಲ್ಲಿದೆ? ದಯವಿಟ್ಟು ಬಾಗಿಲು ತೆರೆದು ತೋರಿಸಿ.' ನೀಲಿ, 'ನಾನು ಸಸ್ಯಾಹಾರಿ, ಮೊಟ್ಟೆಯೂ ಬೇಡ. ಕುಡಿಯಲು ಬಿಸಿನೀರು ಬೇಕು.' ಬಿಳಿಯದು ವಲಸೆ ಅಧಿಕಾರಿಗೆ: ಮಗಳ ಬಾಣಂತನಕ್ಕೆ ಬಂದಿದ್ದೇನೆ, ಇಂಥ ವಿಳಾಸದಲ್ಲಿರುತ್ತೇನೆ, ಫೆಬ್ರವರಿ 14ಕ್ಕೆ ಮರಳುತ್ತೇನೆ, ಮಗಳು ಹೊರಗೆ ಕಾಯುತ್ತಿದ್ದಾಳೆ. ಕೆಂಪಿನದು, 'ದಯವಿಟ್ಟು ಈ ಸಂಖ್ಯೆಗೆ ಕರೆ ಮಾಡಿ ಕೊಡಿ', ಅದರಡಿ ಅಕ್ಕನ ಮತ್ತು ಭಾವನ ಸಂಖ್ಯೆ, ಮುಂದೆ ಜರ್ಮನಿಯ 49 ಸೇರಿಸಿ. ಮೊಬೈಲಿನಲ್ಲಿ ಹೊರದೇಶದ ಪ್ಯಾಕ್ ಹಾಕಿಸಿದ್ದೆವು. ಆದರೆ ಅದು ಹತ್ತದೇ ಹೋದರೆ, ಚಾರ್ಜ್ ಮುಗಿದರೆ, ಕಾಗದವೇ ಗತಿ.

ದೊಡ್ಡಮ್ಮನಿಗೆ ಕಲಿಸಿದ ನಿಯಮ ಒಂದೇ: ಯಾರು ಪಾಸ್‌ಪೋರ್ಟ್ ಕೇಳಿದರೂ ಕೊಡಿ, ಮರಳಿ ಮೊದಲ ಪದರ ಸೇರುವವರೆಗೆ ಆ ಜಾಗದಿಂದ ಕದಲಬೇಡಿ.

ಹೆಜ್ಜೆ 4: ಪೆಟ್ಟಿಗೆಗೆ ಏನು ಹಾಕಬಾರದು

ಬಾಣಂತನಕ್ಕೆ ಹೊರಟ ತಾಯಿಯ ಪೆಟ್ಟಿಗೆಯಲ್ಲಿ ಮೊದಲು ಸೇರುವುದು ತುಪ್ಪ. ಮನೆಯ ಎಮ್ಮೆಯ ಬೆಣ್ಣೆ ಕೂಡಿಟ್ಟು ಕಾಯಿಸಿದ ಮೂರು ಕಿಲೋ ತುಪ್ಪ ನವೆಂಬರಿನ ಹೊತ್ತಿಗೆ ಸಿದ್ಧವಾಗಿತ್ತು. ಅದನ್ನು ಒಯ್ಯುವಂತಿಲ್ಲ ಎಂದು ಹೇಳುವುದು ಈ ಇಡೀ ತಯಾರಿಯಲ್ಲಿ ನನಗೆ ತುಂಬ ಕಷ್ಟವಾದ ಮಾತು.

ಯುರೋಪಿನ ಒಕ್ಕೂಟಕ್ಕೆ ಹೊರಗಿನ ದೇಶಗಳಿಂದ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ತರುವಂತಿಲ್ಲ. ಪ್ರಾಣಿಗಳ ರೋಗ ಹರಡದಿರಲೆಂದು ಮಾಡಿದ ನಿಯಮ ಇದು. ತುಪ್ಪ, ಖೋವಾ, ಪೇಡಾ ಎಲ್ಲ ಇದರಲ್ಲಿ ಬರುತ್ತವೆ. ಕಸ್ಟಮ್ಸ್‌ನಲ್ಲಿ ಸಿಕ್ಕರೆ ಕಿತ್ತು ಬಿಸಾಡುತ್ತಾರೆ, ದಂಡವೂ ಬೀಳಬಹುದು. ಭಾಷೆ ಬಾರದ ಹಿರಿಯರನ್ನು ಮಗಳ ಮುಖ ಕಾಣುವ ಮೊದಲು ಅಂಥ ಮೇಜಿನ ಮುಂದೆ ನಿಲ್ಲಿಸಬಾರದು. ಬಾಣಂತಿಯ ಲೇಹ್ಯಕ್ಕೂ ತುಪ್ಪ ಬಿದ್ದಿತ್ತು, ಅದನ್ನೂ ಬಿಟ್ಟೆವು. ಅಂಟಿನುಂಡೆ ಕಟ್ಟಿ ಒಯ್ಯುವ ಬದಲು ಅಂಟು, ಉತ್ತುತ್ತೆ, ಒಣಶುಂಠಿ, ಓಮ, ಕಾಳುಮೆಣಸು ಇವನ್ನೆಲ್ಲ ಬಿಡಿಬಿಡಿಯಾಗಿ ಕಟ್ಟಿ ಹೆಸರು ಬರೆದೆವು. ಉಪ್ಪು ಹಾಕದ ಬೆಣ್ಣೆ ಜರ್ಮನಿಯ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. ದೊಡ್ಡಮ್ಮ ಹೋದ ಮೂರನೆಯ ದಿನವೇ ಅದನ್ನು ಕಾಯಿಸಿ ತುಪ್ಪ ಮಾಡಿಕೊಂಡರು. ಪರಿಮಳ ಸಾಲದು ಎಂಬ ದೂರು ಕೊನೆಯವರೆಗೂ ಇತ್ತು.

ಹಸಿ ಸೊಪ್ಪು, ತರಕಾರಿ, ಹಣ್ಣುಗಳಿಗೂ ತಡೆಯಿದೆ. ಸಸ್ಯಗಳಿಗೆ ರೋಗವಿಲ್ಲವೆಂಬ ಸರ್ಕಾರಿ ಪ್ರಮಾಣಪತ್ರ ಬೇಕು. ಅನಾನಸು, ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರ ಮತ್ತು ಡ್ಯೂರಿಯನ್ ಎಂಬ ಹಣ್ಣು, ಈ ಐದಕ್ಕೆ ಮಾತ್ರ ವಿನಾಯಿತಿ. ಆದ್ದರಿಂದ ಕರಿಬೇವಿನ ಕಟ್ಟು, ವೀಳ್ಯದೆಲೆ, ಒಂದೆಲಗ, ನಿಂಬೆಹಣ್ಣು ಯಾವುದೂ ಇಲ್ಲ. ತೆಂಗಿನಕಾಯಿಗೆ ಅಲ್ಲಿ ತಡೆಯಿಲ್ಲದಿದ್ದರೂ ಒಯ್ಯಬೇಡಿ. ಒಣಕೊಬ್ಬರಿಯಲ್ಲಿರುವ ಎಣ್ಣೆಯಿಂದ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿದೆ, ವಿಮಾನಕ್ಕೆ ಬಿಡುವುದಿಲ್ಲ. ಹಸಿಯದೋ ಒಣಗಿದ್ದೋ ಎಂಬ ವಾದ ನಡುರಾತ್ರಿ ಕೌಂಟರಿನಲ್ಲಿ ಏಕೆ ಬೇಕು?

ಹಾಗಾದರೆ ಒಯ್ದದ್ದೇನು? ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಸಾರಿನ ಪುಡಿ, ಚಟ್ನಿಪುಡಿ, ಮಗುವಿಗೆ ಹಳೆಯ ಮೆತ್ತನೆಯ ಸೀರೆಯ ಬಟ್ಟೆಗಳು. ಉಪ್ಪಿನಕಾಯಿಯನ್ನು ಗಾಜಿನ ಬದಲು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ಬಾಯಿಯವರೆಗೆ ತುಂಬಬೇಡಿ, ಮೇಲೆ ಹೋದಾಗ ಒಳಗಿನ ಗಾಳಿ ಹಿಗ್ಗಿ ರಸ ಉಕ್ಕುತ್ತದೆ. ಮುಚ್ಚಳದ ಸುತ್ತ ಟೇಪು ಸುತ್ತಿ, ಎರಡು ಚೀಲದೊಳಗೆ ಕಟ್ಟಿ, ಬಟ್ಟೆಗಳ ನಡುವೆ ಇಡಿ. ಉಪ್ಪಿನಕಾಯಿ ಕೈಚೀಲದಲ್ಲಿದ್ದರೆ ದ್ರವವೆಂದು ತೆಗೆಸುತ್ತಾರೆ, 100 ಮಿಲಿಲೀಟರಿಗಿಂತ ದೊಡ್ಡ ಡಬ್ಬಿಯ ಯಾವ ದ್ರವವೂ ಒಳಗೆ ಹೋಗುವುದಿಲ್ಲ. ಅಡಕತ್ತರಿಯೂ ಹಾಗೆಯೇ. ದೊಡ್ಡಮ್ಮನ ಎಲೆಅಡಿಕೆ ಸಂಚಿಯಲ್ಲಿ ಅದು ಸದಾ ಇರುತ್ತದೆ, ಅವರಿಗೆ ಅದು ಆಯುಧವೆಂದು ತೋರುವುದೇ ಇಲ್ಲ. ಹೊರಡುವ ಬೆಳಿಗ್ಗೆ ಸಂಚಿ ಬಿಡಿಸಿ ನೋಡಿದೆ, ಇತ್ತು. ಪೆಟ್ಟಿಗೆಗೆ ಹಾಕಿಸಿದೆ. ಪವರ್ ಬ್ಯಾಂಕ್ ಇದಕ್ಕೆ ತದ್ವಿರುದ್ಧ, ಅದು ಕೈಚೀಲದಲ್ಲೇ ಇರಬೇಕು.

ಪೆಟ್ಟಿಗೆಯ ಗುರುತಿಗೆ ಎಲ್ಲರೂ ಕೆಂಪು ರಿಬ್ಬನ್ ಕಟ್ಟುತ್ತಾರೆ, ಅದಕ್ಕೇ ಅದು ಗುರುತಾಗುವುದಿಲ್ಲ. ದೊಡ್ಡಮ್ಮನ ಹಳೆಯ ಹೂವಿನ ಸೀರೆಯ ಅಂಚನ್ನು ಹರಿದು ಹಿಡಿಗೆ ಸುತ್ತಿ ಹೊಲಿದೆವು. ಸಾವಿರ ಪೆಟ್ಟಿಗೆಗಳಲ್ಲೂ ಅವರಿಗೆ ತಮ್ಮ ಸೀರೆ ತಿಳಿಯುತ್ತದೆ.

ಹೆಜ್ಜೆ 5: ಮನೆಯಲ್ಲೇ ಅಭ್ಯಾಸ

ಮೂರು ಅಭ್ಯಾಸ ಮಾಡಿಸಿದೆವು. ಕುರ್ಚಿಗೆ ಕಾರಿನ ಹಳೆಯ ಬೆಲ್ಟ್ ಕಟ್ಟಿ, ವಿಮಾನದ ಬೆಲ್ಟನ್ನು ಒತ್ತುವುದಲ್ಲ, ಮುಚ್ಚಳದಂತೆ ಮೇಲಕ್ಕೆತ್ತಿದರೆ ಬಿಚ್ಚಿಕೊಳ್ಳುತ್ತದೆ ಎಂದು ತೋರಿಸಿದ್ದು ಒಂದು. ಶಿವಮೊಗ್ಗದ ಅಂಗಡಿ ಮಳಿಗೆಯೊಂದರಲ್ಲಿ ಎಸ್ಕಲೇಟರ್ ಹತ್ತಿಸಿದ್ದು ಇನ್ನೊಂದು. ಸೀರೆಯ ನೆರಿಗೆ ಎತ್ತಿ ಹಿಡಿಯಬೇಕೆಂಬುದು ಅಲ್ಲಿ ತಿಳಿಯಿತು.

ಮೂರನೆಯದು ಶೌಚಾಲಯದ್ದು. ಹಿರಿಯ ಹೆಂಗಸರು ಪ್ರಯಾಣದಲ್ಲಿ ನೀರು ಕುಡಿಯುವುದಿಲ್ಲ. ಹೇಳಿಕೊಳ್ಳುವುದೂ ಇಲ್ಲ. ಅಪರಿಚಿತ ಶೌಚಾಲಯದ ಭಯಕ್ಕೆ ಬಾಯಾರಿಕೆಯನ್ನೇ ತಡೆಯುತ್ತಾರೆ. ಹತ್ತು ಗಂಟೆಯ ವಿಮಾನದಲ್ಲಿ ಇದು ಅಪಾಯದ ಮಾತು. ವಿಮಾನದೊಳಗಿನ ಗಾಳಿ ತುಂಬ ಒಣಗಿರುತ್ತದೆ. ನೀರಿಲ್ಲದೆ, ಅಲುಗಾಡದೆ ಕುಳಿತರೆ ತಲೆಸುತ್ತು ಬರಬಹುದು, ಕಾಲು ಊದುತ್ತದೆ, ನಾಲ್ಕು ಗಂಟೆ ಮೀರಿದ ಪಯಣಗಳಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆಯೂ ಹೆಚ್ಚುತ್ತದೆ. ಮೊದಲೇ ಅಂಥ ತೊಂದರೆ ಇದ್ದವರು, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕಾಣದೆ ಹೊರಡಬಾರದು. ಚಳಿಗಾಲದಲ್ಲಿ ಜರ್ಮನಿಯ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ಯಾವ ಮಾತ್ರೆ ಯಾವಾಗ ಎಂಬುದನ್ನು ಅವರೇ ಬರೆದುಕೊಡಲಿ.

ಆದ್ದರಿಂದ ನಾಚಿಕೆ ಬಿಟ್ಟು ಎಲ್ಲವನ್ನೂ ವಿವರಿಸಬೇಕು, ಮಗಳೋ ಸೊಸೆಯೋ ಹೇಳಿದರೆ ಒಳ್ಳೆಯದು. ನಮ್ಮ ಮನೆಯಲ್ಲಿ ನನ್ನ ಹೆಂಡತಿ ಹೇಳಿದಳು. ಬಾಗಿಲು ನಡುವೆ ಮಡಚಿಕೊಳ್ಳುವಂಥದ್ದು, ಮಧ್ಯದಲ್ಲಿ ಒತ್ತಿದರೆ ಒಳಗೆ ಸರಿಯುತ್ತದೆ. ಚಿಲಕ ಹಾಕಿದ ಮೇಲೆಯೇ ದೀಪ ಪೂರ್ತಿ ಹೊತ್ತುತ್ತದೆ. ಗುಂಡಿ ಒತ್ತಿದಾಗ ಗಾಳಿ ಎಳೆದುಕೊಳ್ಳುವ ದೊಡ್ಡ ಸದ್ದಾಗುತ್ತದೆ, ಬೆದರಬಾರದು. ತೊಳೆದುಕೊಳ್ಳಲು ನೀರಿನ ವ್ಯವಸ್ಥೆ ಇಲ್ಲ, ಕಾಗದ ಮಾತ್ರ. ಅದಕ್ಕೆ ಅರ್ಧ ಲೀಟರಿನ ಖಾಲಿ ಬಾಟಲಿಯೊಂದನ್ನು ಕೈಚೀಲದಲ್ಲಿಟ್ಟೆವು. ಖಾಲಿ ಬಾಟಲಿಯನ್ನು ತಪಾಸಣೆಯಲ್ಲಿ ಬಿಡುತ್ತಾರೆ, ಒಳಗೆ ಹೋದ ಮೇಲೆ ತುಂಬಿಕೊಳ್ಳಬಹುದು. ಈ ಬಾಟಲಿ ಕೈಗೆ ಬಂದ ಮೇಲೆ ದೊಡ್ಡಮ್ಮನ ಮುಖ ಹಗುರಾದದ್ದನ್ನು ನಾನು ಕಂಡೆ. ಅವರ ಅರ್ಧ ಭಯ ಅಲ್ಲೇ ಕುಳಿತಿತ್ತು.

ಹೆಜ್ಜೆ 6: ಹೊರಡುವ ದಿನ

ಬುಧವಾರ ಹನ್ನೊಂದಕ್ಕೆ ದೇವರಿಗೆ ಕೈಮುಗಿದು ಹೊರಟೆವು. ಶಿವಮೊಗ್ಗ, ಭದ್ರಾವತಿ, ಕಡೂರು, ಅರಸೀಕೆರೆ, ತುಮಕೂರು. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ವಿಮಾನದಲ್ಲೂ ಹೋಗಬಹುದಿತ್ತು, ಆದರೆ ಎರಡು ದೊಡ್ಡ ಪೆಟ್ಟಿಗೆಗಳಿದ್ದುದರಿಂದ ಮತ್ತು ಹವೆ ಕೆಟ್ಟು ಅದು ರದ್ದಾದರೆ ಮುಂದಿನದೂ ತಪ್ಪುವುದರಿಂದ ರಸ್ತೆಯನ್ನೇ ಹಿಡಿದೆವು. ತುಮಕೂರು ದಾಟಿದ ಮೇಲೆ ನಗರದೊಳಗೆ ಹೋಗಬೇಕಿಲ್ಲ. ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿಯ ಮೇಲೆ ಹೋದರೆ ಬೆಂಗಳೂರಿನ ಸಂಜೆಯ ವಾಹನ ದಟ್ಟಣೆ ತಪ್ಪುತ್ತದೆ. ತುಮಕೂರಿನ ನೆಂಟರ ಮನೆಯಲ್ಲಿ ಊಟ, ಎರಡು ಗಂಟೆ ನಿದ್ದೆ.

ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರಿನಿಂದ ಎರಡನೆಯ ಟರ್ಮಿನಲ್‌ನಿಂದ ಹೊರಡುತ್ತವೆ. ಟಿಕೆಟಿಲ್ಲದವರನ್ನು ಒಳಗೆ ಬಿಡುವುದಿಲ್ಲ. ಬೀಳ್ಕೊಡುಗೆ ಬಾಗಿಲಿನಲ್ಲೇ ಮುಗಿಯುತ್ತದೆಂದು ಮನೆಯಲ್ಲೇ ಹೇಳಿಡಿ, ಇಲ್ಲವಾದರೆ ಆ ಗಳಿಗೆ ಇದ್ದಕ್ಕಿದ್ದಂತೆ ಬಂದು ಎಲ್ಲರನ್ನೂ ಕಂಗೆಡಿಸುತ್ತದೆ. ಬಾಗಿಲಿನ ಬಳಿ ಕುರ್ಚಿ ಬೇಕೆಂದು ಕೇಳಿದೆವು. ತಳ್ಳುವ ಹುಡುಗ ಬಂದ. ಅವನ ಹೆಸರು ಕೇಳಿ ದೊಡ್ಡಮ್ಮನಿಗೆ ಹೇಳಿದೆ, ಅವನ ಎದುರಿಗೇ ಹಳದಿ ಕಾರ್ಡ್ ತೋರಿಸಿದೆ. ಇಷ್ಟು ಮಾಡಿದರೆ ಅವನಿಗೆ ಅವರು ಬರೀ ಒಂದು ಕುರ್ಚಿಯಾಗಿ ಉಳಿಯುವುದಿಲ್ಲ.

ಒಳಗೆ ಮೊದಲು ಚೆಕ್ ಇನ್, ನಂತರ ವಲಸೆ ಅಧಿಕಾರಿ. ಭಾರತೀಯರು ಹೊರಡುವಾಗ ತುಂಬಬೇಕಿದ್ದ ಚೀಟಿಯನ್ನು 2017ರ ಜುಲೈ 1ರಿಂದ ತೆಗೆದುಹಾಕಿದ್ದಾರೆ, ಬರೆಯಬೇಕಾದದ್ದು ಏನೂ ಇಲ್ಲ. ಭದ್ರತಾ ತಪಾಸಣೆಯಲ್ಲಿ ಹೆಂಗಸರನ್ನು ಪರದೆಯ ಹಿಂದೆ ಮಹಿಳಾ ಸಿಬ್ಬಂದಿಯೇ ನೋಡುತ್ತಾರೆ. ತಾಳಿ, ಎರಡು ಬಳೆಗೆ ತೊಂದರೆಯಿಲ್ಲ. ಉಳಿದ ಚಿನ್ನ ಊರಿನಲ್ಲೇ ಇರಲಿ.

ನಮ್ಮ ಸರಪಳಿ ಅಲುಗಿದ್ದು ಆಮೇಲೆ. ಹುಡುಗ ದೊಡ್ಡಮ್ಮನನ್ನು ಗೇಟಿನ ಬಳಿ ಇನ್ನೂ ನಾಲ್ಕು ಕುರ್ಚಿಗಳ ಪಕ್ಕ ನಿಲ್ಲಿಸಿ ಹೊರಟುಹೋದ. ಬರುತ್ತೇನೆಂದು ಹೇಳಲೂ ಇಲ್ಲ. ಗಂಟೆ ಒಂದಾಯಿತು, ಒಂದೂಕಾಲಾಯಿತು. ತನ್ನನ್ನು ಮರೆತರೆಂದೇ ಅವರು ನಂಬಿದರು. ಇದು ಮರೆವಲ್ಲ, ಅಲ್ಲಿಯ ರೂಢಿ. ವಿಮಾನ ಹತ್ತಿಸುವ ಹೊತ್ತಿಗೆ ಮತ್ತೆ ಬರುತ್ತಾರೆ, ಕುರ್ಚಿಯವರನ್ನೇ ಮೊದಲು ಹತ್ತಿಸುತ್ತಾರೆ. ಇದನ್ನು ಮೊದಲೇ ಹೇಳದಿದ್ದುದು ನನ್ನ ತಯಾರಿಯಲ್ಲಿ ಉಳಿದ ಕೊರತೆ. ನೀವು ಹೇಳಿಡಿ: ಗೇಟಿನಲ್ಲಿ ಬಿಟ್ಟು ಹೋಗುತ್ತಾರೆ, ಒಂದು ಗಂಟೆಗೂ ಹೆಚ್ಚು ಕಾಯಬೇಕಾಗಬಹುದು, ಎದ್ದು ಹೋಗಬೇಡಿ. ದೊಡ್ಡಮ್ಮ ಪಕ್ಕದ ಕುರ್ಚಿಯ ಹೆಂಗಸಿಗೆ ಹಳದಿ ಕಾರ್ಡ್ ಚಾಚಿದರು. ಆಕೆ ತೆಲುಗಿನವರು, ಅದೇ ವಿಮಾನಕ್ಕೆ ಹೊರಟವರು. ಕೈಸನ್ನೆಯಲ್ಲೇ ಕೂರಿ ಎಂದರಂತೆ.

ಹೆಜ್ಜೆ 7: ಮೇಲೆ ಮತ್ತು ಆಚೆ

ವಿಮಾನದೊಳಗಿನದು ಬೇಗ ಹೇಳಿ ಮುಗಿಯುತ್ತದೆ. ಒಳಗೆ ಚಳಿ, ಸ್ವೆಟರ್ ಮತ್ತು ಕಾಲುಚೀಲ ಮೈಮೇಲೇ ಇರಲಿ. ಇಳಿಯುವಾಗ ಕಿವಿ ಕಟ್ಟುತ್ತದೆ, ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡು ಉಗುಳು ನುಂಗುತ್ತಿದ್ದರೆ ಬಿಡುತ್ತದೆ. ಪ್ರತಿ ಊಟದ ನಂತರ ಒಮ್ಮೆ ಎದ್ದು ನಡೆಯಬೇಕು. ದೊಡ್ಡಮ್ಮ ಹಸಿರು ಕಾರ್ಡನ್ನು ಎರಡು ಬಾರಿ ಬಳಸಿದರು. ಮೊದಲ ಬಾರಿ ಗಗನಸಖಿ ಬಾಗಿಲು ತೆರೆದು ತೋರಿಸಿ, ಹೊರಬರುವವರೆಗೆ ಹೊರಗೇ ನಿಂತಿದ್ದಳಂತೆ.

ಇಳಿದ ಮೇಲೆ ಎಲ್ಲರೂ ದಡಬಡನೆ ಎದ್ದು ನಿಲ್ಲುತ್ತಾರೆ. ಕುರ್ಚಿ ಹೇಳಿದವರು ಏಳಬಾರದು, ಕಡೆಯವರು ಇಳಿಯುವವರೆಗೆ ಕುಳಿತೇ ಇರಬೇಕು. ಗುಂಪಿನ ಹಿಂದೆ ನಡೆದುಬಿಟ್ಟರೆ ಬಾಗಿಲಿನಲ್ಲಿ ಕಾಯುವ ಸಹಾಯಕರಿಗೆ ಇವರು ಸಿಗುವುದಿಲ್ಲ, ಇವರಿಗೆ ಅವರು ಸಿಗುವುದಿಲ್ಲ. ಯುರೋಪಿನ ನಿಲ್ದಾಣಗಳಲ್ಲಿ ಈ ಸಹಾಯ ಒದಗಿಸುವುದು ಕಾನೂನಿನಂತೆ ನಿಲ್ದಾಣದವರ ಹೊಣೆ, ಅದಕ್ಕೆ ಹಣ ಕೇಳುವಂತಿಲ್ಲ. ತಡವಾಗಬಹುದು, ಬಾರದೆ ಹೋಗುವುದಿಲ್ಲ. ಅಂದು ಇಪ್ಪತ್ತು ನಿಮಿಷ ತಡವಾಯಿತು. ದೊಡ್ಡಮ್ಮ ಖಾಲಿ ವಿಮಾನದಲ್ಲಿ ಕುಳಿತು ರಾಮನಾಮ ಹೇಳಿಕೊಂಡರು.

ವಲಸೆ ಕಿಟಕಿಯಲ್ಲಿ ಬಿಳಿ ಕಾರ್ಡ್ ಕೊಟ್ಟರು, ಅಧಿಕಾರಿ ಓದಿ ಮರಳುವ ಟಿಕೆಟ್ ಮಾತ್ರ ಕೇಳಿದರು. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಹೊರಗಿನವರ ಬೆರಳಚ್ಚು ಮತ್ತು ಮುಖಚಿತ್ರ ತೆಗೆದುಕೊಳ್ಳುವ ವ್ಯವಸ್ಥೆ ಹಂತಹಂತವಾಗಿ ಬಂದಿದೆ. ವರ್ಷಗಟ್ಟಲೆ ಅಡಿಕೆ ಸುಲಿದ ಬೆರಳುಗಳ ಗೆರೆ ಸವೆದಿರುತ್ತದೆ, ಆಧಾರ್‌ಗೂ ಅವರ ಬೆರಳು ಸುಲಭಕ್ಕೆ ಹತ್ತಿರಲಿಲ್ಲ. ಒಂದು ವಾರದಿಂದ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿಸಿದ್ದೆವು. ಅಲ್ಲಿ ಮೂರನೆಯ ಪ್ರಯತ್ನಕ್ಕೆ ಬಂತಂತೆ. ತಡವಾದರೆ ತನ್ನ ತಪ್ಪೆಂದು ಅವರು ಗಾಬರಿಯಾಗಬಾರದು, ಇದನ್ನೂ ಮೊದಲೇ ಹೇಳಿಟ್ಟಿರಿ.

ಪೆಟ್ಟಿಗೆಗಳನ್ನು ಹೊತ್ತು ಸುತ್ತುವ ಪಟ್ಟಿಯ ಮೇಲೆ ಹೂವಿನ ಸೀರೆಯ ಅಂಚು ಬಂದಾಗ ದೊಡ್ಡಮ್ಮ ಕೈ ತೋರಿಸಿದರು, ಸಹಾಯಕ ಎತ್ತಿಕೊಂಡ. ಅಕ್ಕನಿಗೆ ಹೇಳಿದ್ದ ನಿಯಮ ಒಂದೇ: ಹೊರಬಾಗಿಲಿನ ಎದುರಿನ ಜಾಗ ಬಿಟ್ಟು ಕಾಫಿಗೂ ಹೋಗಬಾರದು. ದೊಡ್ಡಮ್ಮನಿಗೂ ಅಷ್ಟೇ, ಮಗಳು ಕಾಣದಿದ್ದರೆ ಕುರ್ಚಿಯವನನ್ನು ಬಿಡದೆ ಕೆಂಪು ಕಾರ್ಡ್ ತೋರಿಸಬೇಕು. ಅದು ಬೇಕಾಗಲಿಲ್ಲ. ಒಂಬತ್ತು ತಿಂಗಳ ಹೊಟ್ಟೆ ಹೊತ್ತ ಅಕ್ಕ ಸರಳಿಗೆ ಒರಗಿ ನಿಂತಿದ್ದಳು.

ನಮ್ಮ ಫೋನಿಗೆ ಕರೆ ಬಂದಾಗ ಇಲ್ಲಿ ಮಧ್ಯಾಹ್ನ ಎರಡೂವರೆ. "ತುಪ್ಪ ತಂದಿದ್ದರೂ ಯಾರೂ ನೋಡುತ್ತಿರಲಿಲ್ಲ" ಎಂಬುದು ದೊಡ್ಡಮ್ಮನ ಮೊದಲ ಮಾತು.

ಮರಳುವ ಪಯಣಕ್ಕೆ ಫೆಬ್ರವರಿ 11ರಂದು ಅಕ್ಕ ಟಿಕೆಟ್ ತೆರೆದು ನೋಡಿದಾಗ ಅದರಲ್ಲಿ ಕುರ್ಚಿಯ ಸಂಕೇತ ಇರಲಿಲ್ಲ. ನವೆಂಬರಿನಲ್ಲಿ ನಾನೇ ಕಣ್ಣಾರೆ ನೋಡಿದ್ದೆ, ನಡುವೆ ವಿಮಾನದ ಸಮಯ ಹತ್ತು ನಿಮಿಷ ಬದಲಾದಾಗ ಬಿಟ್ಟುಹೋಗಿರಬೇಕು. 48 ಗಂಟೆಗಿಂತ ಹೆಚ್ಚು ಸಮಯವಿದ್ದುದರಿಂದ ಮತ್ತೆ ಹಾಕಿಸಿದಳು. ಸಮಯ ಬದಲಾಯಿತೆಂಬ ಸಂದೇಶ ಬಂದಾಗಲೆಲ್ಲ ಟಿಕೆಟ್ ಮತ್ತೆ ತೆರೆದು ನೋಡಿ.

ಕಾರ್ಡುಗಳೀಗ ನಮ್ಮಲ್ಲಿಲ್ಲ. ಮುಂದಿನ ತಿಂಗಳು ಮಗನ ಬಳಿ ಹೊರಟಿರುವ ಪಕ್ಕದ ಮನೆಯವರಿಗೆ ದೊಡ್ಡಮ್ಮ ಸಂಚಿಯ ಸಮೇತ ಕೊಟ್ಟಿದ್ದಾರೆ. ಸಂಜೆ ಅವರನ್ನು ಜಗಲಿಯಲ್ಲಿ ಕೂರಿಸಿಕೊಂಡು, ಬೆಲ್ಟಿನ ಮುಚ್ಚಳ ಎತ್ತುವುದನ್ನು ತೋರಿಸುತ್ತಿರುತ್ತಾರೆ.